ಇಪ್ಪತ್ತು ಪುಟ ತೆಗೀರಿ ಅಂದ್ರೆ ಎಲ್ಲಿಂದ ತೆಗೆಯೋದು?

ಪ್ರಶ್ನೆ: ನನ್ನ ಚಿತ್ರಕಥೆ 142 ಪುಟ ಆಗಿದೆ. ನಿರ್ಮಾಪಕರು ಇಪ್ಪತ್ತು ಪುಟ ಕಡಿಮೆ ಮಾಡಿ ಅಂತಿದ್ದಾರೆ. ಆದರೆ ಎಮೋಷನ್ ಹೋಗಬಾರದು ಅಂತಲೂ ಅವರೇ ಹೇಳ್ತಾರೆ. ಏನು ಮಾಡಲಿ ಸರ್?

ಉತ್ತರ: ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಪುಟದ ಸಂಖ್ಯೆ ಮಾತ್ರ ಬೇರೆ ಇರುತ್ತದೆ. ಈ ಸಲ ಉದ್ದಕ್ಕೆ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ಮೊದಲು ಒಂದು ಮಾತು. ಫಾಂಟ್ 14ರಿಂದ 12ಕ್ಕೆ ಇಳಿಸಿ, ಮಾರ್ಜಿನ್ ಕಿರಿದು ಮಾಡಿ 'ಆಯ್ತು ಸರ್' ಅನ್ನಬೇಡಿ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ಸ್ಕ್ರಿಪ್ಟಿಗೆ, ಕೊರಿಯರ್ 12 ಪಾಯಿಂಟಿನಲ್ಲಿ. ನಾವು ಕನ್ನಡದಲ್ಲಿ ಬರೆಯುತ್ತೇವೆ, ಕೆಲವರು ಪುಟವನ್ನು ಎರಡು ಭಾಗ ಮಾಡಿ ಎಡಕ್ಕೆ ದೃಶ್ಯ, ಬಲಕ್ಕೆ ಸಂಭಾಷಣೆ ಹಾಕುತ್ತಾರೆ. ಹಾಗಾಗಿ ಆ ಲೆಕ್ಕ ನಮಗೆ ನೇರವಾಗಿ ಕೂರುವುದಿಲ್ಲ. ಹತ್ತು ಪುಟ ಜೋರಾಗಿ ಓದಿ, ಮಾತಿಲ್ಲದ ಕಡೆ ಅಭಿನಯಕ್ಕೆ ಬೇಕಾದಷ್ಟು ಹೊತ್ತು ನಿಂತು, ಗಡಿಯಾರ ನೋಡಿಕೊಳ್ಳಿ. ನಿಮ್ಮ ಒಂದು ಪುಟ ಎಷ್ಟು ಹೊತ್ತು ಓಡುತ್ತದೆ ಅನ್ನೋದು ಗೊತ್ತಾಗುತ್ತದೆ. ಕತ್ತರಿಸಬೇಕಾದ್ದು ಆ ಹೊತ್ತನ್ನು, ಕಾಗದವನ್ನಲ್ಲ.

ಈಗ ವಿಷಯಕ್ಕೆ ಬರೋಣ. ಇಪ್ಪತ್ತು ಪುಟ ತೆಗೀರಿ ಅಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಅಳುವ ಸೀನುಗಳಿಗೆಲ್ಲ ಟಿಕ್ ಹಾಕಿ ಪಕ್ಕಕ್ಕೆ ಇಡುತ್ತಾರೆ, 'ಇವನ್ನು ಮುಟ್ಟಂಗಿಲ್ಲ, ಎಮೋಷನ್ ಇರೋದೇ ಇಲ್ಲಿ' ಅಂತ. ಆಮೇಲೆ ಉಳಿದದ್ದರಲ್ಲಿ ಹುಡುಕುತ್ತಾರೆ. ಏನೂ ನಡೆಯದ, ಯಾರೂ ಜಾಸ್ತಿ ಮಾತಾಡದ ಸಣ್ಣ ಸೀನುಗಳು ಸಿಗುತ್ತವೆ. 'ಇದು ಲ್ಯಾಗ್' ಅಂತ ತೆಗೆದುಬಿಡುತ್ತಾರೆ. ಸ್ಕ್ರಿಪ್ಟ್ ಚಿಕ್ಕದಾಗುತ್ತದೆ, ಓದಿದವರಿಗೆ ಏನೂ ಅನ್ನಿಸುವುದಿಲ್ಲ. ಆಗ ಇನ್ನೊಂದು ಅಳುವ ಸೀನು ಸೇರಿಸುತ್ತಾರೆ!

ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಳುವ ಸೀನಿನಲ್ಲಿ ಎಮೋಷನ್ ಹುಟ್ಟುವುದಿಲ್ಲ, ಖರ್ಚಾಗುತ್ತದೆ. ಹುಟ್ಟುವುದು ಅದಕ್ಕೂ ಎಷ್ಟೋ ಮುಂಚೆ, ಪ್ರೇಕ್ಷಕರು ಒಬ್ಬ ವ್ಯಕ್ತಿಗೆ ಏನು ಬೇಕು ಅಂತ ತಾವೇ ಕಂಡುಕೊಂಡಾಗ. ಪಾತ್ರ ಅತ್ತರೆ ನಾವು ಅಳುತ್ತೇವೆ ಅನ್ನೋದು ಸುಳ್ಳು. ಅವಳು ಅಳಬಹುದಾಗಿತ್ತು, ಅಳಲಿಲ್ಲ, ಯಾಕೆ ಅಳಲಿಲ್ಲ ಅಂತ ನಮಗೆ ಮಾತ್ರ ಗೊತ್ತು ಅನ್ನುವಾಗ ನಮ್ಮ ಗಂಟಲು ಕಟ್ಟುತ್ತದೆ.

ಬಾಯಿಮಾತು ಬೇಡ, ಒಂದು ಸ್ಕ್ರಿಪ್ಟನ್ನೇ ನೋಡೋಣ. ನನ್ನ ಹತ್ತಿರ ಬಂದದ್ದು, ಬರೆದವರ ಒಪ್ಪಿಗೆ ಇದೆ, ಪಾತ್ರಗಳ ಹೆಸರು ಬದಲಿಸಿದ್ದೇನೆ. ಇದೂ 142 ಪುಟ. ತಿಪಟೂರಿನ ಕಡೆಯ ಒಂದು ಹಳ್ಳಿ. ಗಿರಿಜಕ್ಕ ಊರಲ್ಲೇ ಇದ್ದು ತೆಂಗಿನ ತೋಟ, ಕೊಬ್ಬರಿ ನೋಡಿಕೊಂಡಿದ್ದಾಳೆ. ತಮ್ಮ ಮಂಜು ಬೆಂಗಳೂರಲ್ಲಿದ್ದಾನೆ, ಸಾಲ ಮಾಡಿಕೊಂಡಿದ್ದಾನೆ, ತೋಟ ಮಾರಬೇಕು ಅಂತ ಬರುತ್ತಾನೆ. ಪಿತ್ರಾರ್ಜಿತ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ಅಕ್ಕನ ಸಹಿ ಇಲ್ಲದೆ ಕೊಳ್ಳುವವರು ಮುಂದೆ ಬರುವುದಿಲ್ಲ. ಅವನು ಹಕ್ಕು ಬಿಡುಗಡೆ ಪತ್ರ ರೆಡಿ ಮಾಡಿಸಿಕೊಂಡೇ ಬಂದಿದ್ದಾನೆ.

ನಾನು ಬರೆದವರಿಗೆ ಕೇಳಿದ್ದು ಒಂದೇ: ಗಿರಿಜಕ್ಕನಿಗೆ ಏನು ಬೇಕು? 'ತೋಟ ಉಳೀಬೇಕು ಸರ್' ಅಂದರು. ಅಲ್ಲ. ಸ್ಕ್ರಿಪ್ಟಿನಲ್ಲಿ ಅವರೇ ಬರೆದಿರುವ ಪ್ರಕಾರ ಅವಳು ಸಹಿ ಹಾಕಲು ತಯಾರಿದ್ದಾಳೆ. ಅವಳಿಗೆ ಬೇಕಾದದ್ದು, ತಮ್ಮ ಒಂದು ಸಲ ತನ್ನನ್ನು ಕೇಳಬೇಕು. ಸ್ಕೂಲು ಬಿಡಿಸುವಾಗ ಯಾರೂ ಕೇಳಲಿಲ್ಲ. ಈಗಲೂ ಕೇಳದೆ ಪತ್ರ ಟೈಪ್ ಆಗಿದೆ. ಕಥೆಯ ಜೀವ ಇದು, ಒಂದು ಸಾಲು. ಈ ಸಾಲನ್ನು ಬರೆಯಲಾಗದೆ ಕತ್ತರಿ ಕೈಗೆ ತೆಗೆದುಕೊಂಡರೆ ಯಾವುದು ಜೀವ, ಯಾವುದು ಬೊಜ್ಜು ಅಂತ ಗೊತ್ತಾಗುವುದಾದರೂ ಹೇಗೆ?

ಆಮೇಲೆ ಒನ್‌ಲೈನ್, ಅಂದರೆ ಸೀನಿಗೊಂದು ಸಾಲಿನಂತೆ ನಂಬರ್ ಹಾಕಿ ಬರೆದ ಪಟ್ಟಿ, ತೆಗೆದುಕೊಂಡು ಪ್ರತಿ ಸೀನಿನ ಮುಂದೆ ಎರಡು ಖಾನೆ ಹಾಕಿಸಿದೆ. ಮೊದಲನೆಯದರಲ್ಲಿ, ಈ ಸೀನಾದ ಮೇಲೆ ಅಕ್ಕ ತಮ್ಮನ ನಡುವೆ ಏನು ಬದಲಾಯ್ತು? ಎರಡನೆಯದರಲ್ಲಿ, ಮುಂದಿನ ಯಾವ ಸೀನು ಇದರ ಮೇಲೆ ನಿಂತಿದೆ, ಅದರ ನಂಬರ್. ಎರಡೂ ಖಾಲಿ ಇದ್ದರೆ ಆ ಸೀನು ಹೋಗಬಹುದು. ಎಷ್ಟೇ ಚೆನ್ನಾಗಿ ಬರೆದಿದ್ದರೂ ಸರಿ.

ಫಲಿತಾಂಶ ನೋಡಿ ಅವರಿಗೇ ಗಾಬರಿ. ಅಕ್ಕ ಅಳುವ ಸೀನು ನಾಲ್ಕಿದ್ದವು. ಅಮ್ಮನ ಫೋಟೋ ಮುಂದೆ, ಗೆಳತಿಯ ಜೊತೆ ಫೋನಿನಲ್ಲಿ, ದೇವಸ್ಥಾನದಲ್ಲಿ, ಕೊನೆಗೆ ರಾತ್ರಿ ಅಟ್ಟದ ಮೇಲೆ. ಮೊದಲ ಮೂರರ ಎರಡೂ ಖಾನೆ ಖಾಲಿ. ಮೂರರಲ್ಲೂ ಅವಳು ತನ್ನ ನೋವನ್ನು ಮಾತಿನಲ್ಲಿ ಹೇಳುತ್ತಾಳೆ, ಅದೂ ಒಂದೇ ನೋವು. ತಮ್ಮನಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಏನೂ ಬದಲಾಗುವುದಿಲ್ಲ. ನಾಲ್ಕನೆಯದು ಬರುವ ಹೊತ್ತಿಗೆ ನಮಗೆ ಹೊಸದಾಗಿ ತಿಳಿಯುವುದು ಏನೂ ಉಳಿದಿರುವುದಿಲ್ಲ. ಮೂರೂ ತೆಗೆದೆವು, ಆರು ಪುಟ.

ಇನ್ನು 'ಲ್ಯಾಗ್' ಅಂತ ಅವರ ಗೆಳೆಯರೆಲ್ಲ ಕೆಂಪು ಗೆರೆ ಎಳೆದಿದ್ದ ಸೀನು ಒಂದಿತ್ತು. ಒಂದೂವರೆ ಪುಟ. ಗಿರಿಜಕ್ಕ ಅಟ್ಟದ ಮೇಲೆ ಕೂತು ಕಾಯಿ ಆರಿಸುತ್ತಾಳೆ. ಆ ಕಡೆ ಗೊತ್ತಲ್ವಾ, ಉಂಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದಲ್ಲಿ ಬಿಡುತ್ತಾರೆ. ಒಳಗೆ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅವಳು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಸದ್ದು ಬಂದದ್ದು ಈ ಕಡೆ, ಬಾರದ್ದು ಆ ಕಡೆ. ಮಂಜು ಏಣಿಯ ಮೇಲೆ ನಿಂತು ಫೋನ್ ನೋಡುತ್ತಾ 'ಇದೆಲ್ಲ ಎಷ್ಟಾಗತ್ತೆ?' ಅನ್ನುತ್ತಾನೆ. ಅವಳು 'ಇದು ಇನ್ನೂ ಆಗಿಲ್ಲ' ಅಂತ ಒಂದನ್ನು ಪಕ್ಕಕ್ಕಿಡುತ್ತಾಳೆ. ಅಷ್ಟೇ.

ಮೊದಲ ಖಾನೆ ಇಲ್ಲೂ ಖಾಲಿ, ನಿಜ. ಎರಡನೆಯದರಲ್ಲಿ 61ನೇ ಸೀನು ಅಂತ ಬಂತು. ಅಲ್ಲಿ ಮಂಜು ಒಬ್ಬನೇ ಅಟ್ಟ ಹತ್ತಿ ಒಂದು ಕಾಯಿ ತೆಗೆದು ಕಿವಿಗೆ ಹಿಡಿಯುತ್ತಾನೆ. ಅವನಿಗೆ ತಿಳಿಯುವುದಿಲ್ಲ. ಕೆಳಗೆ ಬಗ್ಗಿ 'ಅಕ್ಕಾ, ಇದು ಆಗಿದೆಯಾ?' ಅಂತ ಕೇಳುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಅವಳ ತೀರ್ಮಾನ ಏನು ಅಂತ ಕೇಳುವುದು ಅದೇ ಮೊದಲ ಸಲ! ಹಳೆಯ ಪ್ರತಿಯಲ್ಲಿ ಇದಾದ ಮೇಲೆ ಅವನದೊಂದು ದೊಡ್ಡ ಭಾಷಣ ಇತ್ತು, 'ನಾನು ನಿನ್ನನ್ನ ಯಾವತ್ತೂ ಅರ್ಥ ಮಾಡ್ಕೊಳ್ಳಲಿಲ್ಲ ಅಕ್ಕ' ಅಂತ. ಮುಂಚಿನ ಅಟ್ಟದ ಸೀನು ಇದ್ದರೆ ಭಾಷಣ ಬೇಡ. ಅದನ್ನು ಕತ್ತರಿಸಿದ್ದರೆ ಭಾಷಣ ಎರಡರಷ್ಟು ಬೇಕಾಗುತ್ತಿತ್ತು, ಆದರೂ ಸಾಲುತ್ತಿರಲಿಲ್ಲ. ನಾನು ಹೇಳುತ್ತಿರುವ ಇಡೀ ಪಾಠ ಈ ಒಂದೂವರೆ ಪುಟದಲ್ಲಿದೆ ಅಂದುಕೊಳ್ಳಿ.

ಉಳಿದ ಕತ್ತರಿ ಕೆಲಸ ಸುಲಭ. ಶುರುವಿನ ಒಂಬತ್ತು ಪುಟ ಬಾಲ್ಯ. ಅಕ್ಕ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟಳು ಅನ್ನುವುದೊಂದೇ ಅದರಲ್ಲಿ ಮುಂದಕ್ಕೆ ಬೇಕಾದ ವಿಷಯ. ಅದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನ ಸೀನಿಗೆ ಸಾಗಿಸಿದೆವು. ಗುಮಾಸ್ತ 'ಹೆಬ್ಬೆಟ್ಟಾ?' ಅನ್ನುತ್ತಾನೆ, ಅವಳು 'ಏಳನೇ ಕ್ಲಾಸು ಓದಿದೀನಿ' ಅಂತ ಪೆನ್ನು ತೆಗೆದುಕೊಳ್ಳುತ್ತಾಳೆ, ತಮ್ಮ ತಲೆ ತಗ್ಗಿಸುತ್ತಾನೆ. ಒಂಬತ್ತು ಪುಟದ ಕೆಲಸ ಅಲ್ಲಿ ಎರಡು ಸಾಲಿಗೆ ಮುಗಿಯಿತು. ಬ್ರೋಕರ್ ಒಬ್ಬ, ಆಸೆ ಹತ್ತಿಸುವ ದಾಯಾದಿ ಅಣ್ಣ ಒಬ್ಬ ಇದ್ದರು. ಇಬ್ಬರೂ ಹೇಳುವುದು 'ಮಾರಿಬಿಡು' ಅಂತಲೇ. ದಾಯಾದಿಯನ್ನೇ ಬ್ರೋಕರ್ ಮಾಡಿದೆವು, ನಾಲ್ಕು ಪುಟ. ಆಮೇಲೆ ಪ್ರತಿ ಸೀನಿನ 'ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ', ಹೊರಡುವಾಗಿನ 'ಸರಿ, ಬರ್ತೀನಿ' ಇವನ್ನೆಲ್ಲ ತೆಗೆದರೆ ಇನ್ನು ಮೂರು. ಒಟ್ಟು ಇಪ್ಪತ್ತೆರಡು. 120ಕ್ಕೆ ಬಂತು.

ಕೆಲವರು ಈ ಕೊನೆಯ ಕೆಲಸದಿಂದಲೇ ಶುರು ಮಾಡಿ ಇಪ್ಪತ್ತು ಪುಟವನ್ನೂ ಹಾಗೇ ಹಿಂಡಲು ನೋಡುತ್ತಾರೆ, ಪ್ರತಿ ಸೀನಿನಿಂದ ನಾಲ್ಕೈದು ಸಾಲು. ಬೇಡ. ಹಾಗೆ ಮಾಡುವಾಗ ಮೊದಲು ಹೋಗುವುದು ಮೌನ, ಒಂದು ನೋಟ, ಉತ್ತರ ಕೊಡುವ ಮುಂಚಿನ ತಡ. ಉಳಿಯುವುದು ಬರೀ ಮಾಹಿತಿ.

ಸರಿಯಾಗಿ ಕತ್ತರಿಸಿದ್ದೀರೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಹಳೆಯ ಪ್ರತಿ ಓದದವರಿಗೆ ಕೊಡಿ. ಓದಿ ಮುಗಿಸಿದ ಮೇಲೆ ಕಥೆಯನ್ನು ಅವರ ಬಾಯಲ್ಲೇ ಹೇಳಿಸಿ, ನೀವು ಬಾಯಿ ಮುಚ್ಚಿಕೊಂಡಿರಿ. 'ಸಾಲದ ವಿಷಯ ಅವಳಿಗೆ ಹೇಗೆ ಗೊತ್ತಾಯ್ತು?' ಅಂತ ಕೇಳಿದರೆ ಚಿಂತೆ ಇಲ್ಲ, ಕತ್ತರಿಸಿದ್ದರಲ್ಲಿ ಒಂದು ವಿಷಯ ಹೋಗಿದೆ, ಬೇರೆ ಕಡೆ ಒಂದು ಸಾಲು ಹಾಕಿದರೆ ಸರಿಹೋಗುತ್ತದೆ. 'ಅವಳು ಯಾಕೆ ಸಹಿ ಹಾಕಿದಳು?' ಅಂತ ಕೇಳಿದರೆ ಮಾತ್ರ ಎಚ್ಚರ. ಆ ಪ್ರಶ್ನೆಗೆ ಸಾಲು ಹಾಕಿ ಉತ್ತರ ಕೊಡಲು ಆಗುವುದಿಲ್ಲ. ಯಾವುದೋ ಒಂದು ಸೀನನ್ನು ವಾಪಸ್ ತರಬೇಕು, ಮತ್ತು ಸಾಮಾನ್ಯವಾಗಿ ಅದು ನೀವು 'ಲ್ಯಾಗ್' ಅಂದದ್ದೇ ಆಗಿರುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ ಇದೆ, ಕೇಳಬೇಕಿತ್ತು. ಇಪ್ಪತ್ತು ಪುಟ ತೆಗೆದಾಗ ಇಂಟರ್‌ವಲ್ ಎಲ್ಲಿಗೆ ಹೋಯಿತು? ಕತ್ತರಿ ಎರಡೂ ಅರ್ಧಕ್ಕೆ ಸಮನಾಗಿ ಬೀಳುವುದಿಲ್ಲ. ಮೊದಲರ್ಧದಲ್ಲಿ ಪರಿಚಯ, ಬಾಲ್ಯ ಎಲ್ಲ ಜಾಸ್ತಿ ಇರುವುದರಿಂದ ಅಲ್ಲೇ ಜಾಸ್ತಿ ಹೋಗುತ್ತದೆ. ಈ ಸ್ಕ್ರಿಪ್ಟಿನಲ್ಲಿ ಇಂಟರ್‌ವಲ್ 74ನೇ ಪುಟದಲ್ಲಿತ್ತು, ಮಂಜು ಚೀಲದಿಂದ ಪತ್ರ ತೆಗೆಯುವಾಗ. ಮೊದಲರ್ಧದಿಂದ ಹದಿನಾರು ಪುಟ ಹೋದ ಮೇಲೆ ಅದು 58ಕ್ಕೆ ಬಂತು, ಸೆಕೆಂಡ್ ಹಾಫ್ 62 ಪುಟ. ಎರಡನೆಯ ಅರ್ಧ ಮೊದಲನೆಯದಕ್ಕಿಂತ ಉದ್ದ ಆದರೆ ಥಿಯೇಟರಿನಲ್ಲಿ ಜನಕ್ಕೆ ಅದು ಇನ್ನೂ ಉದ್ದ ಅನ್ನಿಸುತ್ತದೆ. ಮೊದಲರ್ಧಕ್ಕೆ ಏನಾದರೂ ತುಂಬಿಸೋಣವೇ ಅಂದರು. ತೆಗೆದದ್ದನ್ನೇ ಮತ್ತೆ ತುಂಬುವುದಾ, ದೇವರೇ!

ಇಂಟರ್‌ವಲ್ಲನ್ನೇ ಐದು ಪುಟ ಮುಂದಕ್ಕೆ ಹಾಕಿದೆವು. ಅವನು ಪತ್ರ ತೆಗೆಯುತ್ತಾನೆ, ಅವಳು ಪೂರ್ತಿ ಓದುತ್ತಾಳೆ, ಹೂಂ ಅನ್ನುವುದಿಲ್ಲ ಉಹೂಂ ಅನ್ನುವುದಿಲ್ಲ, ಮಡಚಿ ಅಟ್ಟದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಅಲ್ಲಿ ಇಂಟರ್‌ವಲ್. 63ಕ್ಕೆ 57. ಮೊದಲು ಜನ ಹೊರಗೆ ಹೋಗುತ್ತಿದ್ದದ್ದು 'ಪತ್ರದಲ್ಲಿ ಏನಿದೆ?' ಅಂತ ಯೋಚಿಸುತ್ತಾ, ಈಗ 'ಇವಳು ಏನು ಮಾಡ್ತಾಳೆ?' ಅಂತ. ಕಥೆ ಅವಳದ್ದು ತಾನೇ? ಆದ್ದರಿಂದ ಪರಿಷ್ಕರಿಸಿದ ಪ್ರತಿಯನ್ನು ನಿರ್ಮಾಪಕರಿಗೆ ಕೊಡುವ ಮುಂಚೆ ಎರಡು ಅರ್ಧಗಳ ಪುಟವನ್ನು ಬೇರೆ ಬೇರೆ ಎಣಿಸಿ. ಒನ್‌ಲೈನ್ ನಂಬರುಗಳನ್ನೂ ಹೊಸದಾಗಿ ಹಾಕಿ, ಇಲ್ಲದಿದ್ದರೆ ಎರಡನೇ ಖಾನೆಯಲ್ಲಿ ಬರೆದ 61 ಈಗ ಯಾವ ಸೀನು ಅಂತ ನಿಮಗೇ ಹುಡುಕಬೇಕಾಗುತ್ತದೆ.