ಪದ ಪರಿಚಯ: ಫ್ಯಾಕ್ಟರಿ ರೀಸೆಟ್

ಶಿವಮೊಗ್ಗದ ಮೊಬೈಲ್ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತರೆ ಮೂರು ಮಾತು ಕಿವಿಗೆ ಬೀಳುತ್ತವೆ: ‘ರೀಸೆಟ್ ಹೊಡೀರಿ’, ‘ಫಾರ್ಮ್ಯಾಟ್ ಮಾಡಿಸಿ’, ‘ಸಾಫ್ಟ್‌ವೇರ್ ಹಾಕಿಸಿ’. ಮೊದಲ ಎರಡೂ ಒಂದೇ. ಮೂರನೆಯದು ಬೇರೆ. ಸಾಫ್ಟ್‌ವೇರ್ ಹಾಕುವುದೆಂದರೆ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಆಂಡ್ರಾಯ್ಡ್ ಅನ್ನೇ ಹೊಸದಾಗಿ ತುಂಬುವುದು. ರೀಸೆಟ್ ಆಂಡ್ರಾಯ್ಡನ್ನು ಮುಟ್ಟುವುದೇ ಇಲ್ಲ. ಅಂಗಡಿಯವರು ಮೊದಲನೆಯದನ್ನು ಮಾಡಿ ಮೂರನೆಯದರ ದುಡ್ಡು ಕೇಳಬಾರದು ಅಂತಿದ್ದರೆ ಈ ವ್ಯತ್ಯಾಸ ನಮಗೆ ಗೊತ್ತಿರಬೇಕು.

ಫೋನಿನ ಒಳಗಿನ ಜಾಗದಲ್ಲಿ ಎರಡು ಮುಖ್ಯ ಭಾಗಗಳಿವೆ. ಒಂದರಲ್ಲಿ ಆಂಡ್ರಾಯ್ಡ್ ಕೂತಿರುತ್ತದೆ, ಇನ್ನೊಂದರಲ್ಲಿ ನಮ್ಮ ಸಾಮಾನು: ಆ್ಯಪ್, ಫೋಟೋ, ಮೆಸೇಜು, ಲಾಗಿನ್, ಸೆಟ್ಟಿಂಗು. ಫ್ಯಾಕ್ಟರಿ ರೀಸೆಟ್ ಎರಡನೆಯ ಭಾಗವನ್ನು ಮಾತ್ರ ಖಾಲಿ ಮಾಡುತ್ತದೆ. ಹಾಗಾಗಿ ಹೆಸರಿನಲ್ಲಿರುವ ‘ಫ್ಯಾಕ್ಟರಿ’ ಪೂರ್ತಿ ನಿಜವಲ್ಲ. ಆಂಡ್ರಾಯ್ಡ್ 11 ಇದ್ದ ಫೋನು ತಗೊಂಡು ಅಪ್‌ಡೇಟ್ ಮಾಡುತ್ತಾ 13ಕ್ಕೆ ಬಂದಿದ್ದರೆ, ರೀಸೆಟ್ ಆದ ಮೇಲೂ 13ರಲ್ಲೇ ಇರುತ್ತದೆ. ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದ ಮನೆಯ ಹಾಗೆ: ಪಾತ್ರೆ ಪಗಡ ಹೋಯಿತು, ಮೇಲೆ ಕಟ್ಟಿಸಿದ ಕೋಣೆ ಹೋಗಲಿಲ್ಲ, ಸೋರುವ ಹೆಂಚೂ ಹಾಗೇ ಇದೆ.

ಹೊಸನಗರ ಕಡೆ ಇರುವ ನನ್ನ ಚಿಕ್ಕಪ್ಪನ ಫೋನು ಈ ಪದವನ್ನು ವಿವರಿಸಲಿಕ್ಕೆ ಸಾಕು. ಅದಕ್ಕೆ ರೀಸೆಟ್ ಮಾಡುವ ಮಾತು ಎರಡು ಸಲ ಬಂತು. ಮೊದಲ ಸಲ ಬೇಡವಾಗಿತ್ತು, ಎರಡನೇ ಸಲ ಬೇಕಾಗಿತ್ತು.

ಮೊದಲನೆಯದು ಅಡಿಕೆ ಕೊಯ್ಲಿನ ಸಮಯದಲ್ಲಿ. 64 ಜಿಬಿಯ ಫೋನು, ನಾಲ್ಕು ವರ್ಷದ್ದು. ಧಾರಣೆ ನೋಡಲು ಗ್ರೂಪ್ ತೆಗೆದರೆ ಇಡೀ ಪರದೆ ತುಂಬ ಜಾಹೀರಾತು, ಮುಚ್ಚಿದರೆ ಇನ್ನೊಂದು. ಪೇಟೆಯ ಅಂಗಡಿಯವನೊಬ್ಬ ರೀಸೆಟ್ ಮಾಡಲೇಬೇಕು ಅಂದಿದ್ದ. ‘ಎಂಥ ಮಾಡೂದು ಮಾರಾಯ, ಎಲ್ಲಾ ಹೋಗ್ತದಂತೆ’ ಅಂತ ಚಿಕ್ಕಪ್ಪ ಫೋನು ಕೈಗಿತ್ತರು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ಸೇಫ್ ಮೋಡ್. ಬಹಳಷ್ಟು ಫೋನುಗಳಲ್ಲಿ ಪವರ್ ಮೆನು ತೆಗೆದು, ಆಫ್ ಮಾಡುವ ಗುರುತನ್ನು ಒತ್ತಿ ಹಿಡಿದರೆ ಸೇಫ್ ಮೋಡಿಗೆ ಹೋಗಲೇ ಎಂದು ಕೇಳುತ್ತದೆ. ಹಾಗೆ ಎದ್ದ ಫೋನಿನ ಮೂಲೆಯಲ್ಲಿ Safe mode ಎಂದು ಬರೆದಿರುತ್ತದೆ, ನಾವು ಹಾಕಿಕೊಂಡ ಆ್ಯಪ್ ಯಾವುದೂ ಓಡುವುದಿಲ್ಲ. ಯಾವ ಡೇಟಾವೂ ಅಳಿಯುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಮೊದಲಿನಂತೆ. ಅರ್ಧ ಗಂಟೆ ಹಾಗೇ ಬಿಟ್ಟೆವು. ಒಂದು ಜಾಹೀರಾತೂ ಬರಲಿಲ್ಲ. ಅಂದರೆ ತಪ್ಪು ಫೋನಿನದಲ್ಲ, ಆ್ಯಪ್ ಒಂದರದ್ದು.

ಮಾಮೂಲಿ ಮೋಡಿಗೆ ಬಂದು, ಇತರ ಆ್ಯಪುಗಳ ಮೇಲೆ ಕಾಣಿಸಿಕೊಳ್ಳಲು ಯಾರಿಗೆ ಅನುಮತಿ ಇದೆ ಎಂದು ನೋಡಿದೆ. ಸೆಟ್ಟಿಂಗ್ಸಿನಲ್ಲಿ ಅದರ ಹೆಸರು Display over other apps. ಪಟ್ಟಿಯಲ್ಲೊಂದು ಫೋನ್ ಕ್ಲೀನ್ ಮಾಡುವ ಆ್ಯಪ್ ಇತ್ತು. ಕ್ಲೀನ್ ಮಾಡುವುದಕ್ಕೆ ಪರದೆಯ ಮೇಲೆಲ್ಲ ಹತ್ತಿ ಕೂರುವ ಹಕ್ಕು ಯಾಕೆ? ಅದನ್ನು ತೆಗೆದ ಮೇಲೆ ಜಾಹೀರಾತು ನಿಂತಿತು. ಫೋನು ನಿಧಾನವೂ ಆಗಿತ್ತು, ಅದಕ್ಕೆ ಕಾರಣ ಬೇರೆಯೇ: ಜಾಗ ಉಳಿದದ್ದು ಎರಡು ಜಿಬಿ ಕೂಡ ಇರಲಿಲ್ಲ. ವಾಟ್ಸಾಪಿನ ಸ್ಟೋರೇಜ್ ಪುಟದಲ್ಲಿ ದೊಡ್ಡ ವಿಡಿಯೋಗಳನ್ನು ಆರಿಸಿ ಅಳಿಸಿದೆವು, ಹೆಚ್ಚಿನವು ಶುಭೋದಯದ ಹೂವು, ಜಲಪಾತ. ರೀಸೆಟ್ ಬೇಕಾಗಲಿಲ್ಲ.

ಇನ್ನು ಕೆಲವು ತೊಂದರೆಗಳಿಗೆ ರೀಸೆಟ್ಟಿನಿಂದ ಏನೂ ಆಗದು. ಮಳೆಗಾಲದಲ್ಲಿ ಚಾರ್ಜಿಂಗ್ ಪಿನ್ ಹೋಗುವ ಕಿಂಡಿಯಲ್ಲಿ ತೇವ ಕೂತು ಚಾರ್ಜ್ ಆಗದಿದ್ದರೆ, ಒದ್ದೆ ಕೈಯಲ್ಲಿ ಬಳಸಿದ ಪರದೆ ತಾನಾಗಿ ಒತ್ತಿಕೊಳ್ಳುತ್ತಿದ್ದರೆ, ಬ್ಯಾಟರಿ ಉಬ್ಬಿದ್ದರೆ ಅವೆಲ್ಲ ಯಂತ್ರದ ರೋಗ. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲದ್ದಕ್ಕೂ ಜನ ರೀಸೆಟ್ ಮಾಡಿಸುತ್ತಾರೆ. ಅದೇ ಸಿಮ್ಮನ್ನು ಪಕ್ಕದವರ ಫೋನಿಗೆ ಹಾಕಿ ನೋಡಿದರೆ ತಪ್ಪು ಟವರಿನದೋ ನಮ್ಮದೋ ತಿಳಿಯುತ್ತದೆ. ನಮ್ಮದೇ ಆಗಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ರೀಸೆಟ್ ಮಾಡುವ ಆಯ್ಕೆ ಬೇರೆ ಇದೆ. ಅದರಲ್ಲಿ ಹೋಗುವುದು ವೈಫೈ ಪಾಸ್‌ವರ್ಡು ಮತ್ತು ಬ್ಲೂಟೂತ್ ಜೋಡಣೆ, ಫೋಟೋ ಅಲ್ಲ.

ಎರಡನೇ ಸಲ ಮಾತು ಬಂದದ್ದು ಚಿಕ್ಕಪ್ಪ ಹೊಸ ಫೋನು ಕೊಂಡಾಗ. ಹಳೆಯದು ಶಿವಮೊಗ್ಗದಲ್ಲಿ ಓದುವ ಅವರ ತಂಗಿಯ ಮಗಳಿಗೆ ಅಂತ ಆಯಿತು. ಫೋನು ಬೇರೆ ಕೈಗೆ ಹೋಗುವಾಗ ರೀಸೆಟ್ ಮಾಡಲೇಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಮನೆಯೊಳಗೇ ಇದ್ದರೂ ಬ್ಯಾಂಕಿನ ಆ್ಯಪು, ಮೇಲು, ಮೆಸೇಜುಗಳನ್ನು ಒಂದೊಂದಾಗಿ ಹುಡುಕಿ ಅಳಿಸುವುದಕ್ಕಿಂತ ಇದು ಖಚಿತ. 2019ರ ಆಂಡ್ರಾಯ್ಡ್ 10ರ ಜೊತೆ ಬಂದ ಹೊಸ ಫೋನುಗಳಿಂದ ಮುಂದಕ್ಕೆ ಒಳಗಿನ ಡೇಟಾವನ್ನು ಗೂಢಲಿಪಿಯಲ್ಲಿ ಇಡುವುದು ಕಡ್ಡಾಯ. ರೀಸೆಟ್ ಅದನ್ನು ಬಿಡಿಸುವ ಕೀಲಿಯನ್ನೇ ನಾಶ ಮಾಡುತ್ತದೆ. ಅದಕ್ಕೇ ಅಷ್ಟೆಲ್ಲ ಡೇಟಾ ಕೆಲವೇ ನಿಮಿಷದಲ್ಲಿ ಹೋಗುವುದು, ಅದಕ್ಕೇ ಆಮೇಲೆ ‘ರಿಕವರಿ ಮಾಡ್ಕೊಡ್ತೀವಿ’ ಅನ್ನುವವರ ಮಾತು ನಂಬಬಾರದು.

ಹಾಗಾಗಿ ಮೊದಲು ತೆಗೆದಿಡುವ ಕೆಲಸ. ‘ಎಲ್ಲಾ ಗೂಗಲ್‌ನಲ್ಲಿ ಇರ್ತದಲ್ಲ’ ಅಂದರು ಚಿಕ್ಕಪ್ಪ. ಎಲ್ಲ ಇರುವುದಿಲ್ಲ. ಗೂಗಲ್ ಫೋಟೋಸ್ ತಾನಾಗಿ ಉಳಿಸುವುದು ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು. ವಾಟ್ಸಾಪಿನಲ್ಲಿ ಬಂದ ಚಿತ್ರಗಳ ಫೋಲ್ಡರನ್ನು ನಾವೇ ಆನ್ ಮಾಡದಿದ್ದರೆ ಅದು ಹೊರಗೇ ಉಳಿಯುತ್ತದೆ. ಮದುವೆ ಮುಂಜಿಯ ಫೋಟೋಗಳೆಲ್ಲ ನಮಗೆ ಬರುವುದು ವಾಟ್ಸಾಪಿನಲ್ಲೇ ಅಲ್ಲವೇ? ಫೋನ್ ನಂಬರುಗಳಲ್ಲೂ ಕೆಲವು ಗೂಗಲ್ ಖಾತೆಯಲ್ಲಿ, ಕೆಲವು ಸಿಮ್ಮಿನಲ್ಲಿ, ಕೆಲವು ಫೋನಿನಲ್ಲಿ ಮಾತ್ರ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನ ನಂಬರು ಆ ಮೂರನೇ ಗುಂಪಿನಲ್ಲಿತ್ತು. ಕಾಂಟ್ಯಾಕ್ಟ್ಸ್‌ನಲ್ಲಿ ಎಕ್ಸ್‌ಪೋರ್ಟ್ ಕೊಟ್ಟು .vcf ಫೈಲು ಮಾಡಿಕೊಂಡೆವು.

ವಾಟ್ಸಾಪ್ ಮಾತುಕತೆಗೆ ಡ್ರೈವಿನ ಬ್ಯಾಕಪ್ ಒಂದು ದಾರಿ, ಆದರೆ ನಮ್ಮೂರ ನೆಟ್ಟಿನಲ್ಲಿ ಹತ್ತಾರು ಜಿಬಿ ಮೇಲೇರಲು ಎಷ್ಟು ರಾತ್ರಿ ಬೇಕೋ. ಹಳೆ ಫೋನು ಹೊಸ ಫೋನು ಎರಡೂ ಕೈಯಲ್ಲಿದ್ದರೆ ಇನ್ನೊಂದು ದಾರಿ ಇದೆ: ಹಳೆಯದರ ವಾಟ್ಸಾಪ್ ಸೆಟ್ಟಿಂಗ್ಸಿನ ಚಾಟ್ಸ್ ಪುಟದಲ್ಲಿ ವರ್ಗಾವಣೆಯ ಆಯ್ಕೆ ಒತ್ತಿ, ಹೊಸದರಲ್ಲಿ ಮೂಡುವ ಕ್ಯುಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಎರಡೂ ಫೋನು ತಮ್ಮತಮ್ಮಲ್ಲೇ ವೈಫೈಯಲ್ಲಿ ಮಾತಾಡಿಕೊಂಡು ಸಾಗಿಸುತ್ತವೆ. ಡ್ರೈವ್ ನಡುವೆ ಬರುವುದಿಲ್ಲ.

ನಮ್ಮನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಅಜ್ಜಿಯ ಶೋಭಾನೆ ಪದಗಳು. ಚಿಕ್ಕಪ್ಪ ರೆಕಾರ್ಡರಿನಲ್ಲಿ ಹಿಡಿದಿಟ್ಟ ಹನ್ನೊಂದು ಫೈಲು. ಅವು ಫೋಟೋ ಅಲ್ಲ, ವಾಟ್ಸಾಪ್ ಅಲ್ಲ, ಹಾಗಾಗಿ ಯಾವ ಬ್ಯಾಕಪ್ಪಿಗೂ ಸೇರಿರಲಿಲ್ಲ. ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಾಕಿದೆ, ಎಣಿಸಿದರೆ ಹನ್ನೊಂದೂ ಇದ್ದವು. ಗಾತ್ರ ನೋಡಿದಾಗ ಒಂದರ ಎದುರು 0 ಕೆಬಿ. ಕೇಬಲ್ ಅಲುಗಾಡಿದ್ದಿರಬೇಕು, ಹೆಸರು ಬಂದಿದೆ, ಹಾಡು ಬಂದಿಲ್ಲ. ಮತ್ತೆ ಹಾಕಿ ಹನ್ನೊಂದನ್ನೂ ಸ್ವಲ್ಪ ಸ್ವಲ್ಪ ಕೇಳಿಯೇ ಮುಂದಕ್ಕೆ ಹೋದದ್ದು. ಕೊನೆಗಾರನಿಗೆ ಕೊಟ್ಟ ಮುಂಗಡದ ಲೆಕ್ಕ ನೋಟ್ಸ್ ಆ್ಯಪಿನಲ್ಲಿತ್ತು, ಅದನ್ನು ಚಿಕ್ಕಮ್ಮ ಪುಸ್ತಕಕ್ಕೆ ಬರೆದುಕೊಂಡರು.

ಯುಪಿಐ ಬಗ್ಗೆ ಹೆದರಿಕೆ ಬೇಡ. ದುಡ್ಡಿರುವುದು ಬ್ಯಾಂಕಿನಲ್ಲಿ. ಹೊಸ ಫೋನಿಗೆ ಸಿಮ್ ಹಾಕಿ ಆ್ಯಪ್ ತೆರೆದರೆ ಅದು ಆ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಮಾಡಿಕೊಳ್ಳುತ್ತದೆ. ಸಿಗ್ನಲ್ ಇರುವ ಗುಡ್ಡ ಹತ್ತಿ ಮಾಡಿದರಾಯಿತು.

ಮುಂದಿನದು ಹೆಚ್ಚಿನವರು ಎಡವುವ ಜಾಗ. ಚಿಕ್ಕಪ್ಪನ ಜಿಮೇಲ್ ಖಾತೆ ಮಾಡಿಕೊಟ್ಟವನು ಮೊದಲ ಫೋನು ಮಾರಿದ ಅಂಗಡಿಯ ಹುಡುಗ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. 2015ರ ಆಂಡ್ರಾಯ್ಡ್ 5.1ರಿಂದ ಫೋನುಗಳಲ್ಲಿ ಎಫ್‌ಆರ್‌ಪಿ ಅಥವಾ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎಂಬ ಕಾವಲು ಇದೆ. ಖಾತೆ ತೆಗೆಯದೆ ಬಟನ್ನುಗಳನ್ನು ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಫೋನು ಎದ್ದ ಕೂಡಲೇ ಹಿಂದಿದ್ದ ಗೂಗಲ್ ಖಾತೆಯನ್ನೇ ಕೇಳುತ್ತದೆ. ಕದ್ದವನಿಗೆ ಕಟ್ಟಿದ ಬೇಲಿ ಅದು, ಆದರೆ ಪಾಸ್‌ವರ್ಡ್ ಮರೆತ ಯಜಮಾನನನ್ನೂ ಒಳಗೆ ಬಿಡುವುದಿಲ್ಲ. ಖಾತೆ ಇನ್ನೂ ಫೋನಿನಲ್ಲಿ ತೆರೆದಿರುವಾಗಲೇ ಹೊಸ ಪಾಸ್‌ವರ್ಡ್ ಇಟ್ಟುಕೊಂಡೆವು, ಅದು ಹೊಸ ಫೋನಿನಲ್ಲಿ ಕೆಲಸ ಮಾಡಿತೆಂದು ನೋಡಿದೆವು, ಆಮೇಲೆ ಹಳೆಯದರಿಂದ ಖಾತೆ ತೆಗೆದೆವು. ಚಾರ್ಜಿಗೆ ಹಾಕಿ, ಸೆಟ್ಟಿಂಗ್ಸಿನ Erase all data ಒತ್ತಿದ್ದು ಅದಾದ ಮೇಲೆಯೇ.

ಇದೆಲ್ಲ ನಿಧಾನವಾಗಿ ಮಾಡಬಹುದಾದ ರೀಸೆಟ್. ಆತುರದ್ದೂ ಒಂದಿದೆ. ಮದುವೆ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಬಂದ .apk ಫೈಲನ್ನು ಯಾರಾದರೂ ಇನ್‌ಸ್ಟಾಲ್ ಮಾಡಿ, ಅದಕ್ಕೆ ಎಸ್ಸೆಮ್ಮೆಸ್ ಓದುವ ಅನುಮತಿಯನ್ನೂ ಕೊಟ್ಟಿದ್ದರೆ, ಅಂಥ ಫೋನನ್ನು ರೀಸೆಟ್ ಮಾಡಿಯೇ ಮತ್ತೆ ಬಳಸುವುದು ಸರಿ. ಆದರೆ ಅದು ಕೊನೆಯ ಹೆಜ್ಜೆ. ಮೊದಲು ಏರೋಪ್ಲೇನ್ ಮೋಡ್, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ, ಬೇರೆ ಫೋನಿನಲ್ಲೇ ಪಾಸ್‌ವರ್ಡ್ ಬದಲು. ಯಾಕೆಂದರೆ ಕಳ್ಳನ ಕೈಗೆ ಈಗಾಗಲೇ ಹೋದ ಪಾಸ್‌ವರ್ಡನ್ನು ರೀಸೆಟ್ ವಾಪಸು ತರುವುದಿಲ್ಲ, ಅವನು ತನ್ನ ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡ ನಿಮ್ಮ ಜಿಮೇಲನ್ನು ಮುಚ್ಚುವುದೂ ಇಲ್ಲ. ಅಪರೂಪಕ್ಕೆ ವೈರಸ್ಸೇ ಉಳಿಯುವುದೂ ಉಂಟು. 2019ರಲ್ಲಿ ಹರಡಿದ ಎಕ್ಸ್‌ಹೆಲ್ಪರ್ ರೀಸೆಟ್ ಆದ ಮೇಲೂ ಮತ್ತೆ ಮತ್ತೆ ಮರಳುತ್ತಿತ್ತು, ಅದು ಆಂಡ್ರಾಯ್ಡ್ ಇರುವ ಭಾಗಕ್ಕೇ ತನ್ನ ಫೈಲುಗಳನ್ನು ಬರೆದುಬಿಡುತ್ತಿತ್ತು. ಅಂಗಡಿಯವರು ಹೇಳುವ ‘ಸಾಫ್ಟ್‌ವೇರ್ ಹಾಕಿಸಿ’ ನಿಜವಾಗಿ ಬೇಕಾಗುವುದು ಅಂಥಲ್ಲಿ.

ನನ್ನ ಪಟ್ಟಿಯಲ್ಲಿ ಬಿಟ್ಟುಹೋದದ್ದು ಒಂದೇ. ಫೋನು ಶಿವಮೊಗ್ಗ ಸೇರಿದ ಸಂಜೆ ಹುಡುಗಿಯ ಕರೆ ಬಂತು: ‘ಮಾವ, ಇದ್ರಲ್ಲಿ ನಿಮ್ಮ ಮದುವೆ ಫೋಟೋ ಎಲ್ಲ ಇದೆಯಲ್ಲ!’ ಸಿಮ್ ಪಕ್ಕದ ಕಿಂಡಿಯಲ್ಲಿ 32 ಜಿಬಿ ಮೆಮೊರಿ ಕಾರ್ಡು ಹಾಗೇ ಕೂತಿತ್ತು. ರೀಸೆಟ್ ಕಾರ್ಡನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಾರ್ಡನ್ನು ಫೋನಿನ ಒಳಜಾಗದ ಭಾಗವಾಗಿ ಸೇರಿಸಿಕೊಂಡಿದ್ದರೆ ಮಾತ್ರ ಕಥೆ ಉಲ್ಟಾ: ಆಗ ಅದರ ಕೀಲಿಯೂ ಫೋನಿನಲ್ಲೇ ಇರುತ್ತದೆ, ರೀಸೆಟ್ ಆದ ಮೇಲೆ ಆ ಕಾರ್ಡನ್ನು ಯಾವ ಫೋನೂ ಓದಲಾರದು. ನಮ್ಮ ಅದೃಷ್ಟಕ್ಕೆ ಚಿಕ್ಕಪ್ಪ ಹಾಗೆ ಸೇರಿಸಿರಲಿಲ್ಲ. ಮುಂದಿನ ಭಾನುವಾರ ಹುಡುಗಿ ಕಾರ್ಡನ್ನು ಹಳೇ ಲಗ್ನಪತ್ರಿಕೆಯ ಕವರಿನಲ್ಲಿ ಸುತ್ತಿ, ಹೊಸನಗರದ ಬಸ್ಸಿಗೆ ಹೊರಟಿದ್ದ ಅವಳಪ್ಪನ ಕೈಯಲ್ಲಿ ಕಳಿಸಿದಳು.