ಆ್ಯಪ್ ಹೆದರಿಸುತ್ತೆ, ಅಯ್ನೋರು ಏನೂ ಇಲ್ಲ ಅಂತಾರೆ: ಕುಜ-ಶನಿ ವಿಷಯದಲ್ಲಿ ಯಾರ ಮಾತು ಕೇಳೋದು?

ಓದುಗರ ಪ್ರಶ್ನೆ: ನಮ್ಮದು ವಿಜಯಪುರ ಹತ್ತಿರ ತಿಕೋಟಾ. ನಾನು ಹುಟ್ಟಿದ್ದು 1994ರ ಜೂನ್ 3. ಹುಡುಗ ಬಾಗಲಕೋಟೆಯವರು, 1992ರ ಫೆಬ್ರವರಿ ಮೊದಲ ವಾರ ಹುಟ್ಟಿದವರು. ಊರಿನ ಅಯ್ನೋರು ಕುಂಡಲಿ ನೋಡಿ ‘ಕೂಡ್ತಾವ, ಮುಂದುವರಿಸ್ರಿ’ ಅಂದರು. ಆದರೆ ಫೋನಿನ ಆ್ಯಪ್‌ನಲ್ಲಿ ಎರಡೂ ಜಾತಕ ಹಾಕಿದರೆ ನನ್ನ ಮಂಗಳನಿಗೂ ಅವರ ಶನಿಗೂ ನಡುವೆ ಕೆಂಪು ಗೆರೆ ಬರುತ್ತೆ. ‘ಸ್ಕ್ವೇರ್, ಸಿಟ್ಟು ಮತ್ತು ತಾಳ್ಮೆಯ ಜಗಳ’ ಅಂತ ಬರೆದಿದೆ. ಯಾವುದು ನಿಜ?

ಉತ್ತರ: ಇಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ಹೇಳಿದ್ದಾರೆ. ನಿಯಮಗಳೇ ಬೇರೆ, ಅಷ್ಟೇ. ನಿಮ್ಮ ಎರಡು ಜಾತಕ ಇಟ್ಟುಕೊಂಡೇ ನೋಡೋಣ.

ನಮ್ಮ ಪಂಚಾಂಗದ ಲೆಕ್ಕದಲ್ಲಿ ನಿಮ್ಮ ಕುಜ ಮೇಷದಲ್ಲಿ ಸುಮಾರು 14 ಡಿಗ್ರಿಗೆ ಇದ್ದಾನೆ. ಹುಡುಗನ ಶನಿ ಮಕರದಲ್ಲಿ ಸುಮಾರು 17 ಡಿಗ್ರಿಗೆ. ಇಬ್ಬರ ನಡುವಿನ ಅಂತರ 87 ಡಿಗ್ರಿ. ಆ್ಯಪ್ ಪಾಶ್ಚಾತ್ಯ ಪದ್ಧತಿಯದು. ಅಲ್ಲಿ ಎರಡು ಗ್ರಹ ಒಂದೇ ಕಡೆ ಇದ್ದರೆ, 90 ಡಿಗ್ರಿ ದೂರ ಅಂದರೆ ಸ್ಕ್ವೇರ್ ಅಥವಾ ಚೌಕದಲ್ಲಿ ಇದ್ದರೆ, ಇಲ್ಲವೇ ಎದುರಾಬದುರಾಗಿ 180 ಡಿಗ್ರಿಯಲ್ಲಿದ್ದರೆ ಬಿಗಿ ಸಂಬಂಧ ಅನ್ನುತ್ತಾರೆ. ಐದಾರು ಡಿಗ್ರಿ ಹೆಚ್ಚುಕಡಿಮೆ ಆದರೂ ನಡೆಯುತ್ತೆ. ನಿಮ್ಮದು 90ಕ್ಕೆ ಮೂರೇ ಡಿಗ್ರಿ ಕಡಿಮೆ. ಅದಕ್ಕೇ ಕೆಂಪು ಗೆರೆ.

ಆ್ಯಪ್‌ನಲ್ಲಿ ರಾಶಿ ಬೇರೆ ಕಾಣಿಸುತ್ತೆ, ನಿಮ್ಮ ಕುಜ ವೃಷಭದಲ್ಲಿ, ಅವರ ಶನಿ ಕುಂಭದಲ್ಲಿ. ‘ಅಯನಾಂಶದ ತಪ್ಪಿನಿಂದ ಹೀಗಾಗಿದೆ, ಆ್ಯಪ್ ಲೆಕ್ಕವೇ ಸುಳ್ಳು’ ಅಂತ ಕೆಲವರು ಹೇಳಬಹುದು. ಅದು ಸರಿಯಲ್ಲ. ಅಯನಾಂಶ ಅಂದರೆ ಎರಡು ಪದ್ಧತಿಗಳು ರಾಶಿ ಎಣಿಸೋಕೆ ಶುರುಮಾಡುವ ಜಾಗಗಳ ನಡುವಿನ ಅಂತರ, ಅದರಿಂದ ಎರಡೂ ಗ್ರಹಗಳು ಒಟ್ಟಿಗೆ ಸುಮಾರು 24 ಡಿಗ್ರಿ ಸರಿಯುತ್ತವೆ. ಹಾಗಾಗಿ ನಡುವಿನ ಅಂತರ ಬದಲಾಗೋದಿಲ್ಲ. ಯಾವ ಲೆಕ್ಕದಲ್ಲಿ ನೋಡಿದರೂ 87ರ ಆಸುಪಾಸೇ.

ಅಯ್ನೋರಿಗೆ ಇದು ಯಾಕೆ ಕಾಣಲಿಲ್ಲ? ನಮ್ಮ ಪದ್ಧತಿಯಲ್ಲಿ ದೃಷ್ಟಿಯನ್ನು ಡಿಗ್ರಿಯಿಂದ ಅಲ್ಲ, ಮನೆಯಿಂದ ಎಣಿಸುತ್ತಾರೆ. ಕುಜ ತಾನಿರುವ ಮನೆಯಿಂದ 4, 7, 8ನೇ ಮನೆ ನೋಡುತ್ತಾನೆ. ಶನಿ 3, 7, 10ನೇ ಮನೆ ನೋಡುತ್ತಾನೆ. ಮೇಷದ ಕುಜ ನೋಡುವುದು ಕರ್ಕ, ತುಲಾ, ವೃಶ್ಚಿಕ. ಮಕರ ಅದರಲ್ಲಿ ಇಲ್ಲ. ಮಕರದ ಶನಿ ನೋಡುವುದು ಮೀನ, ಕರ್ಕ, ತುಲಾ. ಮೇಷ ಅದರಲ್ಲಿಲ್ಲ. ಅಂದರೆ ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇಲ್ಲ! ಮೇಲಾಗಿ ಮೇಷ ಕುಜನ ಸ್ವಂತ ಮನೆ, ಮಕರ ಶನಿಯ ಸ್ವಂತ ಮನೆ. ಅಯ್ನೋರಿಗೆ ಖುಷಿಯಾಗಿದ್ದರೆ ಆಶ್ಚರ್ಯವಿಲ್ಲ.

ಇದೇ 90 ಡಿಗ್ರಿ ತಿರುಗುಮುರುಗು ಇದ್ದಿದ್ದರೆ ಕಥೆ ಬೇರೆ. ಶನಿ ಕರ್ಕದಲ್ಲಿ ಇದ್ದಿದ್ದರೆ ಕುಜನ 4ನೇ ದೃಷ್ಟಿ ಅವನ ಮೇಲೆ, ಅವನ 10ನೇ ದೃಷ್ಟಿ ಕುಜನ ಮೇಲೆ. ಆಗ ಅಯ್ನೋರೂ ಹುಬ್ಬು ಗಂಟಿಕ್ಕುತ್ತಿದ್ದರು. ಪಾಶ್ಚಾತ್ಯ ಪದ್ಧತಿಗೆ ಈ ಎರಡು ಚೌಕಗಳಲ್ಲಿ ಭೇದವೇ ಇಲ್ಲ. ನನಗೆ ಇಡೀ ವಿಷಯದಲ್ಲಿ ಕುತೂಹಲ ಹುಟ್ಟಿಸುವುದು ಇದೇ. ಒಂದೇ ಆಕಾಶ, ಒಂದೇ ಅಂತರ, ಆದರೆ ಒಂದು ಪದ್ಧತಿ ಜಗಳ ಕಾಣುತ್ತೆ, ಇನ್ನೊಂದು ಏನೂ ಕಾಣೋದಿಲ್ಲ. ಅಂದಹಾಗೆ, ಕುಜದೋಷ ಅನ್ನೋದು ಇದಲ್ಲ. ಅದನ್ನು ಒಬ್ಬೊಬ್ಬರ ಜಾತಕದಲ್ಲಿ ಬೇರೆ ಬೇರೆಯಾಗಿ ನೋಡುತ್ತಾರೆ. 36 ಗುಣಗಳ ಲೆಕ್ಕದಲ್ಲೂ ಕುಜ-ಶನಿ ಅಂತರಕ್ಕೆ ಅಂಕ ಇಲ್ಲ.

ಆ್ಯಪ್ ಹೇಳುವ ಜಗಳ ಎಂಥದ್ದು ಅನ್ನೋದನ್ನೂ ನೋಡೋಣ. ಈ ಪದ್ಧತಿಯಲ್ಲಿ ಕುಜ ಅಂದರೆ ಹಟ, ಸಿಟ್ಟು, ಈಗಲೇ ಆಗಬೇಕು ಅನ್ನುವ ಅವಸರ. ಶನಿ ಅಂದರೆ ತಡೆ, ಲೆಕ್ಕಾಚಾರ, ಭಯ, ಕಾಯುವ ಶಕ್ತಿ. ನಿಮ್ಮೂರಿನ ಕಡೆಯದ್ದೇ ಒಂದು ಸಂದರ್ಭ ತಗೊಳ್ಳಿ. ದ್ರಾಕ್ಷಿ ಕಟಾವಾಗಿ, ಶೆಡ್‌ನಲ್ಲಿ ಒಣಗಿ, ಒಣದ್ರಾಕ್ಷಿ ಬಾಕ್ಸ್‌ಗಳು ಕೋಲ್ಡ್ ಸ್ಟೋರೇಜ್‌ಗೆ ಹೋಗಿವೆ. ಹೆಂಡತಿ ‘ಸಾಲದ ಬಡ್ಡಿ ಬೆಳೀತದ, ಈಗ ಮಾರಿಬಿಡ್ರಿ’ ಅನ್ನುತ್ತಾಳೆ. ಗಂಡ ‘ದಮ್ ಹಿಡಿ, ದರ ಬರ್ಲಿ’ ಅನ್ನುತ್ತಾನೆ. ಒಂದು ತಿಂಗಳಾದ ಮೇಲೂ ಅದೇ ಮಾತು. ಅವಳಿಗೆ ಅವನ ಸುಮ್ಮನಿರುವಿಕೆ ಗೋಡೆಯಂತೆ ಅನ್ನಿಸುತ್ತೆ, ಸಿಟ್ಟು ಏರುತ್ತೆ. ಅವನಿಗೆ ಅವಳ ಸಿಟ್ಟು ತನ್ನ ಲೆಕ್ಕಾಚಾರದ ಮೇಲಿನ ದಾಳಿ ಅನ್ನಿಸುತ್ತೆ, ಇನ್ನಷ್ಟು ಬಿಗಿಯಾಗುತ್ತಾನೆ. ಅವನು ಬಿಗಿಯಾದಷ್ಟೂ ಅವಳ ಸಿಟ್ಟು ಜಾಸ್ತಿ. ಪುಸ್ತಕಗಳಲ್ಲಿ ವರ್ಣಿಸುವ ಕುಜ-ಶನಿ ಜಗಳ ಅಂದರೆ ಈ ಸುತ್ತು. ಇಲ್ಲಿ ತಾಳ್ಮೆ ಅಂತ ಕಾಣೋದು ಯಾವಾಗಲೂ ತಾಳ್ಮೆಯೇ ಆಗಿರೋದಿಲ್ಲ, ಕೆಲವೊಮ್ಮೆ ಅದು ಬರೀ ಮೌನದ ಹಟ ಅನ್ನುವುದನ್ನು ಒಳ್ಳೆಯ ಜ್ಯೋತಿಷಿಗಳೂ ಒಪ್ಪುತ್ತಾರೆ.

ಯಾರ ಕುಜ, ಯಾರ ಶನಿ ಅನ್ನೋದೂ ಮುಖ್ಯ ಅನ್ನುತ್ತಾರೆ. ಕುಜ ಯಾರದೋ ಅವರಿಗೆ ತಡೆದಂತೆ, ಶನಿ ಯಾರದೋ ಅವರಿಗೆ ದೂಡಿದಂತೆ ಅನ್ನಿಸುತ್ತದಂತೆ. ನಿಮ್ಮ ವಿಷಯದಲ್ಲಿ ಗೆರೆ ಒಂದೇ ಕಡೆಯದು. ಹುಡುಗನ ಕುಜ ಧನುವಿನ ಕೊನೆಯಲ್ಲಿದ್ದಾನೆ, ನಿಮ್ಮ ಶನಿ ಕುಂಭದ ನಡುವೆ. ಅಂತರ ಸುಮಾರು 50 ಡಿಗ್ರಿ. ಅಲ್ಲಿ ಗೆರೆ ಇಲ್ಲ.

ಇಷ್ಟು ಅವರವರ ನಿಯಮ. ಇನ್ನು ಗಣಿತ. ಆರು ಡಿಗ್ರಿ ಸಡಿಲ ಬಿಟ್ಟರೆ, 360ರಲ್ಲಿ 48 ಡಿಗ್ರಿ ‘ಬಿಗಿ’ ಜಾಗ ಆಗುತ್ತೆ. ನಿಮ್ಮ ಕುಜ-ಅವರ ಶನಿ, ಅವರ ಕುಜ-ನಿಮ್ಮ ಶನಿ ಎರಡನ್ನೂ ಸೇರಿಸಿದರೆ, ಸುಮ್ನೆ ಯಾರನ್ನೋ ಯಾರಿಗೋ ಜೋಡಿಸಿದರೂ ಹೆಚ್ಚುಕಡಿಮೆ ನಾಲ್ಕು ಜೋಡಿಗೆ ಒಂದರಲ್ಲಿ ಈ ಕೆಂಪು ಗೆರೆ ಬರುತ್ತೆ. ಶನಿ ನಿಧಾನ ಬೇರೆ. ಒಂದು ರಾಶಿ ದಾಟೋಕೆ ಅವನಿಗೆ ಎರಡೂವರೆ ವರ್ಷ ಬೇಕು. ಹಾಗಾಗಿ ಈ ಹುಡುಗನ ಜೊತೆ ಶಾಲೆ ಓದಿದ, ಅದೇ ವಯಸ್ಸಿನ ಹೆಚ್ಚಿನ ಹುಡುಗರ ಶನಿಯೂ ನಿಮ್ಮ ಕುಜನಿಗೆ ಚೌಕದಲ್ಲೇ ಇರುತ್ತಾನೆ. ಇಡೀ ಎಸ್ಸೆಸ್ಸೆಲ್ಸಿ ಬ್ಯಾಚ್ ನಿಮ್ಮ ಜೊತೆ ಜಗಳಕ್ಕೆ ನಿಂತಿದೆ ಅಂತ ಅರ್ಥವೇ? ಇಂಥ ಗೆರೆಯಿಂದ ಒಬ್ಬ ಹುಡುಗನ ಬಗ್ಗೆ ಹೇಳೋಕೆ ಆಗೋದು ಬಹಳ ಕಡಿಮೆ ಅಂತ ನನ್ನ ಅಭಿಪ್ರಾಯ.

ಪರೀಕ್ಷೆಗಳೂ ಇದೇ ಕಡೆ ವಾಲುತ್ತವೆ. 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಾನ್ ಕಾರ್ಲ್‌ಸನ್ ಪ್ರಕಟಿಸಿದ ಪ್ರಯೋಗದಲ್ಲಿ, ಜ್ಯೋತಿಷಿಗಳಿಗೆ ಒಂದು ಜಾತಕ ಮತ್ತು ಮೂವರ ಸ್ವಭಾವದ ವಿವರ ಕೊಟ್ಟು, ಜಾತಕ ಯಾರದು ಅಂತ ಕೇಳಲಾಗಿತ್ತು. ಕಣ್ಣು ಮುಚ್ಚಿ ಆರಿಸಿದರೆ ಎಷ್ಟು ಸರಿಯಾಗುತ್ತೋ, ಅದಕ್ಕಿಂತ ಹೆಚ್ಚೇನೂ ಸರಿಯಾಗಲಿಲ್ಲ. ಅದು ಕುಜ-ಶನಿಯ ಪರೀಕ್ಷೆ ಅಲ್ಲ, ಪೂರ್ತಿ ಜಾತಕದ್ದು. ಆದರೆ ಪೂರ್ತಿ ಜಾತಕದಿಂದಲೇ ಸಿಟ್ಟಿನ ಸ್ವಭಾವ ಸಿಗದಿದ್ದರೆ ಒಂದು ಗೆರೆಯಿಂದ ಸಿಗುವುದು ಕಷ್ಟ, ಅಲ್ವಾ?

ಇಷ್ಟಾದರೂ ನೋಡಲೇಬೇಕು ಅನ್ನಿಸಿದರೆ, ಕೆಂಪು ಬಣ್ಣಕ್ಕೆ ಹೆದರದೆ ಗೆರೆಯ ಮೇಲೆ ಬೆರಳಿಟ್ಟು ಸಂಖ್ಯೆ ನೋಡಿ. ಕೆಲವು ಆ್ಯಪ್‌ಗಳು ಎಂಟು ಡಿಗ್ರಿ ದೂರ ಇದ್ದರೂ ಗೆರೆ ಎಳೆಯುತ್ತವೆ. ಆರು ದಾಟಿದ್ದನ್ನು ಆ ಪದ್ಧತಿಯ ಅನೇಕರೇ ಲೆಕ್ಕಕ್ಕೆ ಇಡೋದಿಲ್ಲ. ಹುಟ್ಟಿದ ಗಂಟೆ ತಪ್ಪಿದ್ದರೆ ಇಲ್ಲಿ ಚಿಂತೆ ಇಲ್ಲ, ಕುಜ ದಿನಕ್ಕೆ ಮುಕ್ಕಾಲು ಡಿಗ್ರಿಯ ಆಸುಪಾಸು ನಡೆಯುವವನು. ತಾರೀಖೇ ತಪ್ಪಿದ್ದರೆ ಮಾತ್ರ ಎಲ್ಲ ಕೆಡುತ್ತೆ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಅಂತ ಬರೆದುಬಿಡುವುದು ಎಲ್ಲರಿಗೂ ಗೊತ್ತು. ಎರಡು ತಿಂಗಳು ಹಿಂದೆ ಮುಂದೆ ಆದರೆ ಕುಜ 40 ಡಿಗ್ರಿಗಿಂತ ಹೆಚ್ಚು ಸರಿದಿರುತ್ತಾನೆ. ನಿಮ್ಮದು ಜೂನ್ 3 ಅಂದಿದ್ದೀರಿ, ಹಾಗಾಗಿ ನಿಜವಾದ ತಾರೀಖೇ ಇರಬೇಕು. ಹುಡುಗನದನ್ನು ಅವರ ತಾಯಿಯವರನ್ನೇ ಒಮ್ಮೆ ಕೇಳಿ ನೋಡಿ.