ಓಡುತ್ತಿರುವ ಪೋಸ್ಟನ್ನು ಯಾವಾಗ ಬೂಸ್ಟ್ ಮಾಡಬೇಕು, ವೃತ್ತವನ್ನು ಎಲ್ಲಿ ಎಳೆಯಬೇಕು: ಗಡಿಭಾಗದ ಕಲಿಕೆದಾರರಿಗೆ ಟಿಪ್ಪಣಿ

ಹಣ ಹಾಕದೆ ತಾನಾಗಿ ಚೆನ್ನಾಗಿ ಓಡಿದ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮ್ ಪೋಸ್ಟನ್ನು ಬೂಸ್ಟ್ ಮಾಡುವ, ಅಂದರೆ ಹಣ ಕೊಟ್ಟು ಇನ್ನಷ್ಟು ಜನರಿಗೆ ತೋರಿಸುವ ಬಗ್ಗೆ ಈ ಟಿಪ್ಪಣಿ ಬರೆದಿದ್ದೇನೆ. ಗುಂಡಿ ಒತ್ತುವ ಕ್ರಮ ಎಲ್ಲರಿಗೂ ತಿಳಿದಿರುವುದರಿಂದ ಅದನ್ನು ಬಿಟ್ಟಿದ್ದೇನೆ. ಯಾವ ಪೋಸ್ಟನ್ನು ಆರಿಸಬೇಕು, ಯಾರಿಗೆ ತೋರಿಸಬೇಕು, ಎಷ್ಟು ಹಣ ಇಡಬೇಕು ಎಂಬ ಮೂರು ನಿರ್ಧಾರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದಾದ್ದರಿಂದ ಆ ಭಾಗ ಉದ್ದವಾಗಿದೆ. ಉದಾಹರಣೆಗೆ ಕೇರಳ, ಕರ್ನಾಟಕ ಗಡಿಗೆ ಹತ್ತಿರದ, ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಅಡಿಕೆ ಸಸಿ ಮಾರುವ ಒಂದು ಸಣ್ಣ ನರ್ಸರಿಯ ಪುಟವನ್ನು ಕಲ್ಪಿಸಿಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಇಟ್ಟವು.

ಯಾವ ಪೋಸ್ಟ್?

ಈ ಪುಟಕ್ಕೆ 1,800 ಫಾಲೋವರ್‌ಗಳಿದ್ದು, ಸಾಮಾನ್ಯ ಪೋಸ್ಟೊಂದು 600 ಜನರನ್ನು ತಲುಪುತ್ತದೆ ಮತ್ತು ಮೂರು ನಾಲ್ಕು ಶೇರ್ ಪಡೆಯುತ್ತದೆ ಎಂದಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಎರಡು ಪೋಸ್ಟ್‌ಗಳು ಇದನ್ನು ಮೀರಿ ಓಡಿವೆ. ಮಾಲೀಕರ ಮಗಳು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಚಿತ್ರಕ್ಕೆ 310 ಲೈಕ್ ಬಂದಿದೆ. ನಾಟಿಗೆ ಒಳ್ಳೆಯ ಸಸಿಯನ್ನು ಆರಿಸುವುದು ಹೇಗೆ ಎಂಬ ಒಂದು ನಿಮಿಷದ ವಿಡಿಯೊಗೆ ಬಂದಿರುವುದು 140 ಲೈಕ್ ಮಾತ್ರ. ಅದರಲ್ಲಿ ಮಾಲೀಕರು ಎರಡು ಸಸಿಗಳನ್ನು ಅಕ್ಕಪಕ್ಕ ಹಿಡಿದು, ಉದ್ದಕ್ಕೆ ಸಪೂರವಾಗಿ ಬೆಳೆದದ್ದನ್ನು ಬಿಟ್ಟು ಬುಡ ದಪ್ಪಗಿರುವ, ಐದಾರು ಎಲೆಗಳಿರುವ ಗಿಡ್ಡ ಸಸಿಯನ್ನು ತೆಗೆದುಕೊಳ್ಳಿ ಎಂದು ತೋರಿಸುತ್ತಾರೆ. ಲೈಕ್‌ಗಳನ್ನಷ್ಟೇ ನೋಡಿದರೆ ಮೊದಲನೆಯದೇ ಗೆದ್ದಂತೆ ಕಾಣುತ್ತದೆ. ಬೂಸ್ಟ್‌ಗೆ ಯೋಗ್ಯವಾದುದು ಎರಡನೆಯದು.

ಕಾರಣ ಪೋಸ್ಟಿನ ಅಂಕಿಗಳನ್ನು ತೋರಿಸುವ ಇನ್‌ಸೈಟ್ಸ್‌ನಲ್ಲಿದೆ. ಅಲ್ಲಿ ರೀಚ್, ಅಂದರೆ ಪೋಸ್ಟ್ ತಲುಪಿದ ಜನರ ಸಂಖ್ಯೆಯನ್ನು ಫಾಲೋವರ್‌ಗಳು ಮತ್ತು ಫಾಲೋವರ್ ಅಲ್ಲದವರು ಎಂದು ಬೇರ್ಪಡಿಸಿ ತೋರಿಸುತ್ತಾರೆ. ಮಗಳ ಚಿತ್ರವನ್ನು ನೋಡಿದವರಲ್ಲಿ ಬಹುಪಾಲು ಫಾಲೋವರ್‌ಗಳು, ಅಂದರೆ ನೆಂಟರು, ಊರಿನವರು, ಹಳೆಯ ಗಿರಾಕಿಗಳು, ಮತ್ತು ಅದಕ್ಕೆ ಬಂದ ಶೇರ್ ಎರಡೇ. ಸಸಿಯ ವಿಡಿಯೊ 2,600 ಜನರನ್ನು ತಲುಪಿದ್ದು, ಅವರಲ್ಲಿ 1,700 ಮಂದಿ ಪುಟವನ್ನು ಅನುಸರಿಸುವವರೇ ಅಲ್ಲ, ಶೇರ್ 41, ಮತ್ತು ಕಮೆಂಟ್‌ಗಳಲ್ಲಿ ಅರ್ಧದಷ್ಟು ‘ಸಸಿಗೆ ಎಷ್ಟು?’, ‘ಅಂಗಡಿ ಎಲ್ಲಿ?’ ಎಂದು ಕೇಳುವಂಥವು. ಬೂಸ್ಟ್ ಮಾಡಿದಾಗ ನಾವು ಕೊಡುವ ಹಣ ಅಪರಿಚಿತರನ್ನು ತಲುಪುವುದಕ್ಕೆ. ಆದ್ದರಿಂದ ಅಪರಿಚಿತರ ನಡುವೆ ಪೋಸ್ಟ್ ಈಗಾಗಲೇ ಹೇಗೆ ನಡೆದುಕೊಂಡಿದೆ ಎಂಬುದೇ ಮುಂದಿನ ಫಲಿತಾಂಶದ ಸೂಚನೆ, ಪರಿಚಯದವರ ಲೈಕ್ ಅಲ್ಲ.

ಇದು ಖರ್ಚಿನ ಪ್ರಶ್ನೆಯೂ ಹೌದು. ಯಾರ ಜಾಹೀರಾತನ್ನು ತೋರಿಸಬೇಕೆಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಸಂಸ್ಥೆ ನಡೆಸುವ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರೇ ಗೆಲ್ಲುವುದಿಲ್ಲ. ಜಾಹೀರಾತುದಾರರ ಬಿಡ್, ನೋಡುವವರು ನಾವು ಬಯಸಿದ ಕ್ರಿಯೆಯನ್ನು ಮಾಡುವ ಅಂದಾಜು ಸಾಧ್ಯತೆ, ಜಾಹೀರಾತಿನ ಗುಣಮಟ್ಟ ಎಂಬ ಮೂರನ್ನೂ ಕೂಡಿಸಿ ನೋಡುತ್ತಾರೆ. ಜನರು ತಾವಾಗಿ ಹಂಚಿಕೊಂಡು ಪ್ರಶ್ನೆ ಕೇಳುವ ಪೋಸ್ಟಿಗೆ ಎರಡನೆಯ ಅಂಶದಲ್ಲಿ ಅನುಕೂಲವಾಗುವುದರಿಂದ ಅದೇ ಹಣಕ್ಕೆ ಹೆಚ್ಚು ವಿಚಾರಣೆಗಳು ಸಿಗುವ ಸಂಭವವಿದೆ. ಓಡದ ಪೋಸ್ಟನ್ನು ಹಣ ಕೊಟ್ಟು ಎಬ್ಬಿಸಲು ಹೋದರೆ ಇದೇ ನಿಯಮ ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ.

ಸಮಯದ ವಿಚಾರದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಮೇಲಿನಂಥ ಲೆಕ್ಕ ಕಾಣಲು ಎರಡು ಮೂರು ದಿನ ಕಾಯಬೇಕು, ಆದರೆ ರೀಚ್ ಪೂರ್ತಿ ನಿಂತು ವಾರಗಳು ಕಳೆಯುವವರೆಗೆ ಕಾಯಬಾರದು. ಅಡಿಕೆ ಸಸಿಗಂತೂ ಮಳೆ ಹಿಡಿಯುವ ಮುಂಚಿನ ದಿನಗಳೇ ಬೆಲೆಬಾಳುವವು.

ಬೂಸ್ಟ್ ಒತ್ತುವ ಮೊದಲು ಪೋಸ್ಟಿನ ಬರಹವನ್ನು ಒಮ್ಮೆ ತಿದ್ದಿಕೊಳ್ಳಬೇಕು. ಜಾಹೀರಾತು ಓಡುತ್ತಿರುವಾಗ ಆ ಬರಹವನ್ನು ಬದಲಾಯಿಸಲು ಆಗುವುದಿಲ್ಲವಾದ್ದರಿಂದ ಊರಿನ ಹೆಸರು, ದಾರಿ, ಸಸಿಯ ತಳಿ ಮೊದಲೇ ಇರಲಿ. ರೀಲ್‌ಗೆ ಸಿನಿಮಾ ಹಾಡನ್ನು ಹಾಕಿದ್ದರೆ ಇನ್‌ಸ್ಟಾಗ್ರಾಮ್ ಸಾಮಾನ್ಯವಾಗಿ ಬೂಸ್ಟ್ ಮಾಡಲು ಬಿಡುವುದಿಲ್ಲ. ಮಾಲೀಕರ ಮಾತು ಮತ್ತು ತೋಟದ ಸದ್ದು ಇರುವ ವಿಡಿಯೊಗೆ ಈ ತೊಡಕಿಲ್ಲ.

ಯಾರಿಗೆ ತೋರಿಸಬೇಕು?

ಆಡಿಯನ್ಸ್‌ಗಿಂತ ಮೊದಲು ಗುರಿಯನ್ನು ಆರಿಸಬೇಕು. ನಮಗೆ ಬೇಕಾದುದು ವಿಚಾರಣೆಯಾದ್ದರಿಂದ "Get more messages" ಎಂಬುದನ್ನು ಆರಿಸಿ ವಾಟ್ಸಾಪ್‌ಗೆ ಜೋಡಿಸುವುದು ಸರಿ. ಹೆಚ್ಚು ಎಂಗೇಜ್‌ಮೆಂಟ್ ಎಂದು ಆರಿಸಿದರೆ ವ್ಯವಸ್ಥೆಯು ಲೈಕ್ ಒತ್ತುವ ಅಭ್ಯಾಸವಿರುವವರನ್ನು ಹುಡುಕಿ ತರುತ್ತದೆ. ಅವರಿಗೆ ತೋಟವೇ ಇಲ್ಲದಿರಬಹುದು.

ಇನ್ನು ಸ್ಥಳ. ‘ಕಾಸರಗೋಡು’ ಎಂದು ಟೈಪ್ ಮಾಡಿ, ಪಟ್ಟಿಯಲ್ಲಿ ಬಂದ ನಗರವನ್ನು ಒತ್ತಿ, ವೃತ್ತದ ತ್ರಿಜ್ಯವನ್ನು 40 ಕಿ.ಮೀ.ಗೆ ಎಳೆಯುವುದು ಎಲ್ಲರೂ ಮಾಡುವ ಕೆಲಸ. ನಕ್ಷೆಯಲ್ಲಿ ಆ ವೃತ್ತವನ್ನು ಗಮನಿಸಿ ನೋಡಿ. ಪಶ್ಚಿಮದ ಭಾಗ ಅರಬ್ಬೀ ಸಮುದ್ರದ ಮೇಲೆ ಬಿದ್ದಿರುತ್ತದೆ. ಸಮುದ್ರದಲ್ಲಿ ಜನರಿಲ್ಲದ್ದರಿಂದ ಅಲ್ಲಿ ಹಣ ಹೋಗುವುದಿಲ್ಲ, ಅದು ನಷ್ಟವಲ್ಲ. ಚಂದ್ರಗಿರಿ ಹೊಳೆಯಾಚೆ ದಕ್ಷಿಣಕ್ಕೆ ಹರಡುವ ಭಾಗವೇ ನಿಜವಾದ ನಷ್ಟ. ಅಲ್ಲಿ ಮಲಯಾಳ ಮಾತನಾಡುವವರೇ ಹೆಚ್ಚು, ನಮ್ಮ ಕನ್ನಡದ ವಿಡಿಯೊ ಅವರ ಪರದೆಯಲ್ಲಿ ಒಂದು ಕ್ಷಣ ಕಂಡು ಮೇಲಕ್ಕೆ ಸರಿದುಹೋಗುತ್ತದೆ, ಮತ್ತು ಹಾಗೆ ಕಂಡದ್ದಕ್ಕೂ ನಮ್ಮ ಬಜೆಟ್ ಸವೆಯುತ್ತದೆ.

ಹಾಗಾದರೆ ರಾಜ್ಯದ ಹೆಸರನ್ನೇ ಆರಿಸಬಹುದೇ? ಅದು ಇನ್ನೂ ಕೆಟ್ಟದ್ದು. ಕೇರಳ ಎಂದರೆ ವಿಟ್ಲ, ಪುತ್ತೂರಿನ ಕೃಷಿಕರು ಹೊರಗೆ ಉಳಿಯುತ್ತಾರೆ, ಕರ್ನಾಟಕ ಎಂದರೆ ಬದಿಯಡ್ಕದವರು ತಪ್ಪಿಹೋಗುತ್ತಾರೆ, ಜೊತೆಗೆ ಕಲಬುರಗಿಯವರೂ ಸೇರಿಕೊಳ್ಳುತ್ತಾರೆ. ಪೆರ್ಲದ ನರ್ಸರಿಗೆ ಅಡ್ಯನಡ್ಕದಿಂದ ಜೀಪು ತರುವವನಿಗೆ ಗಡಿ ಎಂಬುದು ದಾರಿಯ ಮಧ್ಯದ ಒಂದು ಫಲಕ ಮಾತ್ರ. ಜಾಹೀರಾತಿಗೂ ಅದು ಅಷ್ಟೇ ಆಗಿರಬೇಕು.

ಭಾಷೆಯ ಆಯ್ಕೆಯಿಂದ ಇದನ್ನು ಸರಿಪಡಿಸಬಹುದೆಂದು ಬಹಳ ಮಂದಿ ತಿಳಿದಿದ್ದಾರೆ. ಆ ಆಯ್ಕೆ ಸರಳ ಬೂಸ್ಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಮೆಟಾದ ವಿಸ್ತೃತ ಜಾಹೀರಾತು ಸಾಧನವಾದ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ. ಸಿಕ್ಕರೂ ನಮ್ಮ ಕಡೆಗೆ ಅದು ಒಗ್ಗುವುದಿಲ್ಲ. ಮನೆಯಲ್ಲಿ ಕನ್ನಡ, ತುಳು ಅಥವಾ ಹವ್ಯಕ ಮಾತನಾಡುವ ಕೃಷಿಕನ ಮೊಬೈಲು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅವನು ಕನ್ನಡ ಬಲ್ಲವನೆಂಬುದು ವ್ಯವಸ್ಥೆಗೆ ಸರಿಯಾಗಿ ತಿಳಿಯಬೇಕೆಂದಿಲ್ಲ, ಆದ್ದರಿಂದ ಕನ್ನಡ ಎಂದು ಕಡ್ಡಾಯ ಮಾಡಿದರೆ ನಮಗೆ ಬೇಕಾದವನೇ ಜರಡಿಯಿಂದ ಉದುರಿಹೋಗುವ ಅಪಾಯವಿದೆ. ಭಾಷೆಯ ಕೆಲಸವನ್ನು ಸ್ಥಳದಿಂದ ಮತ್ತು ವಿಡಿಯೊದ ಮೊದಲ ಎರಡು ಮೂರು ಸೆಕೆಂಡಿನ ಕನ್ನಡ ಮಾತಿನಿಂದ ಮಾಡಿಸುವುದೇ ಮೇಲು.

ಆದ್ದರಿಂದ ನಗರದ ಹೆಸರನ್ನು ಬಿಟ್ಟು, ಪೆರ್ಲದ ಮೇಲೆ ಪಿನ್ ಇಟ್ಟು 20 ಕಿ.ಮೀ. ವೃತ್ತ ಎಳೆಯುವುದು ನನ್ನ ಮೆಚ್ಚಿನ ಉಪಾಯ. ಪಿನ್ ಇಟ್ಟಾಗ ವೃತ್ತವನ್ನು ಬೇಕಾದಷ್ಟು ಚಿಕ್ಕದು ಮಾಡಬಹುದು, ನಗರವನ್ನು ಆರಿಸಿದಾಗ ಅಷ್ಟು ಸ್ವಾತಂತ್ರ್ಯವಿಲ್ಲ. ಈ ವೃತ್ತದೊಳಗೆ ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ವಿಟ್ಲ, ಪುತ್ತೂರು ಬರುತ್ತವೆ, ಕಾಸರಗೋಡು ಪೇಟೆ ಅಂಚಿನಲ್ಲಿ ಸಿಗುತ್ತದೆ, ಹೊಳೆಯ ದಕ್ಷಿಣದ ಬಹುಭಾಗ ಹೊರಗುಳಿಯುತ್ತದೆ. ಸುಳ್ಯ ಇದರೊಳಗೆ ಬರುವುದಿಲ್ಲ. ಅಲ್ಲಿಂದಲೂ ಗಿರಾಕಿಗಳು ಬರುವುದಾದರೆ ಮೊದಲ ವೃತ್ತವನ್ನು ಹಿಗ್ಗಿಸದೆ ಸುಳ್ಯದ ಮೇಲೆ ಇನ್ನೊಂದು ಸಣ್ಣ ಪಿನ್ ಇಡಬೇಕು. ನಕ್ಷೆಯ ಈ ಅಳತೆ ನೇರ ಗೆರೆಯದ್ದು ಎಂಬುದನ್ನೂ ಮರೆಯಬಾರದು, ನಮ್ಮ ಗುಡ್ಡದ ರಸ್ತೆಗಳಲ್ಲಿ ನೇರ 17 ಕಿ.ಮೀ. ಎಂಬುದು ಬಹಳ ಬೇಗ 25 ದಾಟುತ್ತದೆ. ಸಸಿ ಒಯ್ಯಲು ಜನ ಎಷ್ಟು ದೂರದಿಂದ ಬರುತ್ತಾರೆ ಎಂಬುದನ್ನು ಮಾಲೀಕರ ಬಿಲ್ ಪುಸ್ತಕ ನೋಡಿ ನಿಶ್ಚಯಿಸಬೇಕು.

ಉಳಿದ ಆಯ್ಕೆಗಳನ್ನು ಸಡಿಲವಾಗಿ ಬಿಡುವುದು ಒಳ್ಳೆಯದು. ಇಷ್ಟು ಚಿಕ್ಕ ವೃತ್ತದಲ್ಲಿ ಕೃಷಿ, ತೋಟಗಾರಿಕೆ ಎಂದು ಆಸಕ್ತಿಗಳನ್ನು ಪೇರಿಸಿದರೆ ಉಳಿಯುವ ಜನ ಬಹಳ ಕಡಿಮೆ. ವಯಸ್ಸಿನ ಕೆಳಮಿತಿಯನ್ನು 25 ಎಂದಿಟ್ಟರೆ ಸಾಕು. ನೋಡುವವರನ್ನು ಮೆಟಾದ ವ್ಯವಸ್ಥೆಯೇ ಹುಡುಕುವ "Advantage+ audience" ಆನ್ ಆಗಿದ್ದರೆ ನಾವು ಬರೆದ ಆಸಕ್ತಿ ಮುಂತಾದವು ಬರೀ ಸಲಹೆಯಾಗಿ ಪರಿಗಣಿತವಾಗುತ್ತವೆ, ಆದರೆ ಸ್ಥಳದ ಮಿತಿ ಹಾಗೆಯೇ ಉಳಿಯುತ್ತದೆ. ನಮ್ಮ ಶ್ರಮವೆಲ್ಲ ವೃತ್ತಕ್ಕೇ ಮೀಸಲಾಗಬೇಕೆನ್ನಲು ಇದು ಇನ್ನೊಂದು ಕಾರಣ.

ಎಷ್ಟು ಹಣ?

ಕೈಯಲ್ಲಿರುವ ಹಣದಿಂದ ಲೆಕ್ಕ ಆರಂಭಿಸದೆ ಒಂದು ವಿಚಾರಣೆಯ ಬೆಲೆಯಿಂದ ಆರಂಭಿಸಬೇಕು. ಒಬ್ಬ ಗಿರಾಕಿ ಸರಾಸರಿ 60 ಸಸಿ ಒಯ್ಯುತ್ತಾನೆ, ಒಂದು ಸಸಿಯಲ್ಲಿ ₹10 ಉಳಿಯುತ್ತದೆ ಎಂದಿಟ್ಟುಕೊಂಡರೆ ಒಬ್ಬ ಗಿರಾಕಿಯಿಂದ ₹600. ವಿಚಾರಿಸುವ ನಾಲ್ವರಲ್ಲಿ ಒಬ್ಬ ಕೊಳ್ಳುವುದಾದರೆ ಒಂದು ವಿಚಾರಣೆಯ ಬೆಲೆ ₹150. ಅದರ ಮೂರನೇ ಒಂದು ಭಾಗ, ಅಂದರೆ ₹50, ಜಾಹೀರಾತಿಗೆ ಹೋದರೆ ಸಹಿಸಬಹುದು.

ದಿನಕ್ಕೆ ₹200ರಂತೆ ಐದು ದಿನ ಎಂದರೆ ₹1,000, ಅದರ ಮೇಲೆ 18% ಜಿಎಸ್‌ಟಿ ಸೇರಿ ₹1,180. ಈ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಂದಿನ ಎಲ್ಲ ಅಂಕಿಗಳೂ ಸುಳ್ಳಾಗುತ್ತವೆ. ಐಫೋನ್ ಆ್ಯಪ್‌ನಲ್ಲಿ ಬೂಸ್ಟ್ ಮಾಡುವವರು ಆ್ಯಪಲ್‌ನ ಶುಲ್ಕ ಸೇರಿದೆಯೇ ಎಂದು ಕೊನೆಯ ಪರದೆಯಲ್ಲಿ ನೋಡಿಕೊಳ್ಳಲಿ, ಬ್ರೌಸರ್‌ನಲ್ಲಿ ಮಾಡಿದರೆ ಆ ಶುಲ್ಕ ಇರುವುದಿಲ್ಲ. ₹1,180ನ್ನು ₹50ರಿಂದ ಭಾಗಿಸಿದರೆ ಸುಮಾರು 24 ವಿಚಾರಣೆಗಳು ಬರಬೇಕೆಂದಾಯಿತು. ಅವುಗಳಿಂದ ಆರು ಗಿರಾಕಿಗಳು, ₹3,600.

ವಿಚಾರಣೆಯನ್ನು ಎಣಿಸುವಾಗ ಒಂದು ಎಚ್ಚರಿಕೆ ಬೇಕು. ಜಾಹೀರಾತಿನ ಗುಂಡಿ ಒತ್ತಿದಾಗ ವಾಟ್ಸಾಪ್‌ನಲ್ಲಿ ಮೊದಲೇ ಬರೆದಿಟ್ಟ ಒಂದು ಸಾಲು ತಾನಾಗಿ ತೆರೆದುಕೊಳ್ಳುತ್ತದೆ, ಕೆಲವರು ಅದನ್ನು ಕಳುಹಿಸಿ ಮತ್ತೆ ಮಾತನಾಡುವುದೇ ಇಲ್ಲ. ಮೆಟಾದ ಲೆಕ್ಕದಲ್ಲಿ ಅದೂ ಒಂದು ಸಂಭಾಷಣೆ. ನಮ್ಮ ಲೆಕ್ಕದಲ್ಲಿ ಬೆಲೆ, ಸಂಖ್ಯೆ ಅಥವಾ ದಾರಿ ಕೇಳಿದವರು ಮಾತ್ರ ಇರಬೇಕು, ಮತ್ತು ಆ ಎಣಿಕೆಯನ್ನು ಕೈಯಲ್ಲೇ ಮಾಡಬೇಕು.

ಜಾಹೀರಾತನ್ನು ಒಪ್ಪುವ ಮೊದಲು ಮೆಟಾ ನಡೆಸುವ ಪರಿಶೀಲನೆಗೆ ಒಂದು ದಿನದವರೆಗೆ ಹಿಡಿಯಬಹುದು, ಮೊದಲ ದಿನದ ಅಂಕಿ ಏರುಪೇರಾಗಿರುತ್ತದೆ, ಆದ್ದರಿಂದ ಮೂರನೆಯ ದಿನದ ಸಂಜೆ ನೋಡುವುದು ಸೂಕ್ತ. ಆಗ ತೆರಿಗೆ ಸೇರಿ ₹700ರಷ್ಟು ಖರ್ಚಾಗಿದ್ದು ಹದಿನಾಲ್ಕರ ಬದಲು ಐದೇ ವಿಚಾರಣೆಗಳು ಬಂದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಬಹುದು. ಸಾಕಷ್ಟು ಜನ ನೋಡಿಯೂ ಗುಂಡಿ ಒತ್ತದಿದ್ದರೆ ತೊಂದರೆ ಪೋಸ್ಟಿನದ್ದು. ಸಂದೇಶಗಳು ಬರುತ್ತಿದ್ದು ಅವು ಮಲಯಾಳದಲ್ಲೋ ದೂರದ ಊರುಗಳಿಂದಲೋ ಇದ್ದರೆ ವೃತ್ತವನ್ನು ತಿದ್ದಬೇಕು, ಹಾಗೆ ತಿದ್ದಿದಾಗ ಜಾಹೀರಾತು ಮತ್ತೆ ಪರಿಶೀಲನೆಗೆ ಹೋಗಬಹುದು. ವಿಚಾರಿಸಿದವರಿಗೆ ಸಂಜೆಯವರೆಗೆ ಉತ್ತರವೇ ಹೋಗದಿದ್ದರೆ ಮಾಲೀಕರನ್ನೇ ಕೇಳಬೇಕು.

ಫಲಿತಾಂಶ ಚೆನ್ನಾಗಿದ್ದಾಗ ₹200ನ್ನು ಒಮ್ಮೆಲೇ ₹1,000 ಮಾಡಲು ಮನಸ್ಸಾಗುವುದು ಸಹಜ. ಚಿಕ್ಕ ವೃತ್ತದಲ್ಲಿ ಹೆಚ್ಚಿನ ಹಣ ಹೊಸಬರನ್ನು ತರುವುದಕ್ಕಿಂತ ಹಳಬರಿಗೇ ಮತ್ತೆ ಮತ್ತೆ ತೋರಿಸುತ್ತದೆ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಇಂಪ್ರೆಶನ್‌ಗಳನ್ನು, ಅಂದರೆ ಜಾಹೀರಾತು ಒಟ್ಟು ಎಷ್ಟು ಸಲ ಕಂಡಿತೆಂಬುದನ್ನು, ರೀಚ್‌ನಿಂದ ಭಾಗಿಸಿದ ಫ್ರೀಕ್ವೆನ್ಸಿ ಎಂಬ ಅಂಕಿ ಕಾಣುತ್ತದೆ. ಅದು ಎರಡರೊಳಗೆ ಇರುವಷ್ಟು ದಿನ ಅದೇ ಬಜೆಟ್ಟಿನಲ್ಲಿ ದಿನಗಳನ್ನು ಮುಂದುವರಿಸುವುದನ್ನು ನಾನು ಒಪ್ಪುತ್ತೇನೆ. ಮೂರರ ಹತ್ತಿರ ಬಂದು ಒಂದು ವಿಚಾರಣೆಯ ಖರ್ಚೂ ₹50 ದಾಟಿದರೆ ಆ ವೃತ್ತದ ಕೊಳ್ಳುವ ಮಂದಿ ಬಹುತೇಕ ಮುಗಿದಂತೆ. ಆಗ ಹಣವನ್ನು ಸುಳ್ಯದ ಪಿನ್‌ಗೆ ತಿರುಗಿಸಬಹುದು, ಅಥವಾ ಸಸಿಯೇ ಖಾಲಿಯಾಗುತ್ತಿದ್ದರೆ ಅಂತಿಮ ದಿನಾಂಕಕ್ಕೆ ಕಾಯದೆ ಬೂಸ್ಟನ್ನು ನಿಲ್ಲಿಸಬಹುದು. ಖರ್ಚಾಗದೆ ಉಳಿದ ದಿನಗಳ ಹಣವನ್ನು ಅವರು ವಸೂಲು ಮಾಡುವುದಿಲ್ಲ, ಮತ್ತು ಬಂದ ಲೈಕ್, ಕಮೆಂಟ್‌ಗಳು ಅದೇ ಪೋಸ್ಟಿನಲ್ಲಿ ಉಳಿಯುತ್ತವೆ.